ಆಕ್ಸಿಮೀಟರಲ್ಲಿ ಪಲ್ಸ್ ನೋಡದೆ ಆಕ್ಸಿಜನ್ ನಂಬರ್ ನಂಬಬೇಡಿ

ರಾತ್ರಿ ಹನ್ನೊಂದೂವರೆಗೆ ಪರಿಚಯದ ಹುಡುಗಿಯೊಬ್ಬಳ ಫೋನ್ ಬಂತು. "ಅಕ್ಕಾ, ಅಪ್ಪಂಗೆ ಆಕ್ಸಿಜನ್ 86 ಬರ್ತಿದೆ, ಆಂಬುಲೆನ್ಸ್ ಕರೀಲಾ?" ಅಂತ ಕೇಳಿದ್ಲು, ಗಂಟಲು ನಡುಗ್ತಿತ್ತು. ಅಪ್ಪ ಏನ್ ಮಾಡ್ತಿದಾರೆ ಅಂದೆ. "ಕೂತಿದಾರೆ, ನಂಗೇನೂ ಆಗಿಲ್ಲ ಹೋಗಿ ಮಲ್ಕೋ ಅಂತ ನನ್ನೇ ಬೈತಿದಾರೆ" ಅಂದ್ಲು. ಸರಿ, ಇನ್ನೊಂದು ನಂಬರ್ ಇರುತ್ತಲ್ಲ ಅದೆಷ್ಟಿದೆ ಅಂತ ಕೇಳಿದ್ದಕ್ಕೆ "18" ಅಂದ್ಲು. ನಿಮಿಷಕ್ಕೆ 18 ಸಲ ಹೃದಯ ಬಡ್ಕೊಳ್ಳೋ ಮನುಷ್ಯ ಕೂತ್ಕೊಂಡು ಮಗಳನ್ನ ಬೈಯೋಕೆ ಆಗಲ್ಲ, ಪ್ರಜ್ಞೆನೇ ಇರಲ್ಲ. "ನೀನು ಅಪ್ಪನ ಎದುರಿಗೆ ನಿಂತಿದೀಯಾ? ಅವರ ಪಕ್ಕಕ್ಕೆ ಹೋಗಿ ಅವರ ಕಡೆಯಿಂದ ನೋಡು" ಅಂದೆ. ಎರಡು ಸೆಕೆಂಡ್ ಸುಮ್ನಿದ್ದು "ಅಯ್ಯೋ, 98 ಇದೆ ಅಕ್ಕಾ, ಕೆಳಗಡೆದು 81" ಅಂದ್ಲು.

98ನ್ನ ತಲೆಕೆಳಗೆ ಮಾಡಿ ನೋಡಿ, 86 ಕಾಣುತ್ತೆ, 81 ತಲೆಕೆಳಗಾದ್ರೆ 18 ಆಗುತ್ತೆ. ಕತ್ತಲೆ ರೂಮು, ಕೆಂಪಗೆ ಹೊಳೆಯೋ ಅಂಕಿ, ಪಕ್ಕದಲ್ಲಿರೋ ಸಣ್ಣ ಅಕ್ಷರ ಉಲ್ಟಾ ಇದೆ ಅನ್ನೋದು ಗಾಬರೀಲಿ ಯಾರಿಗೂ ಕಾಣಲ್ಲ. ಅಲ್ಲಿ 7 ಇದ್ದಿದ್ರೆ ಆಕಾರ ನೋಡಿನೇ ಗೊತ್ತಾಗ್ತಿತ್ತು, ಆದ್ರೆ 0, 1, 2, 5, 8 ಉಲ್ಟಾ ಮಾಡಿದ್ರೂ ಹಾಗೇ ಇರ್ತವೆ, 6 ಮತ್ತೆ 9 ಒಂದಕ್ಕೊಂದು ಅದಲುಬದಲಾಗ್ತವೆ. ಆ ರಾತ್ರಿ ತಪ್ಪು ಹಿಡಿದುಕೊಟ್ಟಿದ್ದು ಆಕ್ಸಿಜನ್ ನಂಬರಲ್ಲ, ಪಲ್ಸ್ ನಂಬರು. ನಾನು ಬಹಳ ವರ್ಷ ವಾರ್ಡಲ್ಲಿ ನರ್ಸ್ ಆಗಿ ಕೆಲಸ ಮಾಡಿದೀನಿ, ಮನೇಲಿ ಆಕ್ಸಿಮೀಟರ್ ಇಟ್ಕೊಂಡಿರೋ ಎಷ್ಟೋ ಜನ ಆ ಎರಡನೇ ನಂಬರನ್ನ ಕಣ್ಣೆತ್ತಿ ಕೂಡ ನೋಡಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯ. ಪಲ್ಸನ್ನೇ ಆಕ್ಸಿಜನ್ ಅಂತ ಓದೋದು. ಆಕ್ಸಿಜನ್ 97, ಪಲ್ಸ್ 72 ಇದ್ದಾಗ 72ನ್ನ ಆಕ್ಸಿಜನ್ ಅಂದ್ಕೊಂಡ್ರೆ ಬರೀ ಗಾಬರಿ ಆಗುತ್ತೆ, ಅಷ್ಟೇ. ಆದ್ರೆ ಆಕ್ಸಿಜನ್ 88 ಇದ್ದು ಪಲ್ಸ್ 98 ಇರೋವಾಗ ಅದಲುಬದಲು ಓದಿ "98 ಇದೆ, ಏನೂ ತೊಂದ್ರೆ ಇಲ್ಲ" ಅಂತ ಮಲಗಿಬಿಟ್ರೆ? ಹಾಗಾಗಿ ಮೊದಲು ನಿಮ್ಮ ಮಷೀನಲ್ಲಿ ಯಾವುದು ಎಲ್ಲಿ ಬರುತ್ತೆ ಅಂತ ಆರೋಗ್ಯವಾಗಿರೋವಾಗ್ಲೇ ನೋಡಿ ಇಟ್ಕೊಳ್ಳಿ. `%SpO2` ಅಂತ ಇರೋದು ಆಕ್ಸಿಜನ್, `PRbpm` ಅಂತ ಇರೋದು ಪಲ್ಸ್. ಗೊತ್ತಾಗ್ಲಿಲ್ಲ ಅಂದ್ರೆ ಬೆರಳಿಗೆ ಹಾಕ್ಕೊಂಡು ನಾಲ್ಕು ಮೆಟ್ಟಿಲು ಹತ್ತಿ ಇಳಿದು ಬನ್ನಿ, ಯಾವ ನಂಬರ್ ದಡಬಡ ಅಂತ ಮೇಲೆ ಹೋಯ್ತೋ ಅದು ಪಲ್ಸು, ಆಕ್ಸಿಜನ್ ಯಾವತ್ತೂ 100 ದಾಟಲ್ಲ.

ಈಗ ಇವೆರಡು ನಂಬರ್ ಯಾಕೆ ಜೊತೇಲೇ ಬರ್ತವೆ ಅನ್ನೋದಕ್ಕೆ ಬರ್ತೀನಿ. ಪಲ್ಸ್ ಅನ್ನೋದು ಆ ಮಷೀನಲ್ಲಿ ಮೇಲಿಂದ ಸೇರಿಸಿರೋ ಎಕ್ಸ್ಟ್ರಾ ಸೌಲಭ್ಯ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ವಿಷಯ ಉಲ್ಟಾ ಇದೆ, ಪಲ್ಸ್ ಸಿಗದೇ ಹೋದ್ರೆ ಆ ಮಷೀನಿಗೆ ಆಕ್ಸಿಜನ್ ಲೆಕ್ಕ ಹಾಕೋಕೇ ಬರಲ್ಲ.

ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ, ಬೆರಳು ಕೆಂಪಗೆ ಹೊಳೆಯುತ್ತೆ. ಆಕ್ಸಿಮೀಟರ್ ಮಾಡೋದೂ ಇದನ್ನೇ. ಒಂದು ಕಡೆಯಿಂದ ಎರಡು ಥರದ ಬೆಳಕು ಬಿಡುತ್ತೆ, ಒಂದು ಕಣ್ಣಿಗೆ ಕಾಣೋ ಕೆಂಪು, ಸುಮಾರು 660 ನ್ಯಾನೋಮೀಟರ್, ಇನ್ನೊಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್, ಸುಮಾರು 940 ನ್ಯಾನೋಮೀಟರ್. ಇನ್ನೊಂದು ಕಡೆ ಇರೋ ಸೆನ್ಸರ್ ಎಷ್ಟು ಬೆಳಕು ಬೆರಳು ದಾಟಿ ಬಂತು ಅಂತ ಅಳೆಯುತ್ತೆ. ಆಕ್ಸಿಜನ್ ತುಂಬಿಕೊಂಡಿರೋ ರಕ್ತ ಕೆಂಪಗೆ ಹೊಳೀತಾ ಇರುತ್ತೆ, ಅಂದ್ರೆ ಕೆಂಪು ಬೆಳಕನ್ನ ಸುಲಭವಾಗಿ ಬಿಟ್ಟುಕೊಡುತ್ತೆ, ಇನ್ಫ್ರಾರೆಡ್ಡನ್ನ ಜಾಸ್ತಿ ಹೀರುತ್ತೆ. ಆಕ್ಸಿಜನ್ ಕೊಟ್ಟು ಖಾಲಿಯಾದ ರಕ್ತ ಮಂಕಾಗಿರುತ್ತೆ, ಅದು ಕೆಂಪನ್ನ ಜಾಸ್ತಿ ಹೀರುತ್ತೆ. ಎರಡು ಬೆಳಕನ್ನ ಹೋಲಿಸಿದ್ರೆ ರಕ್ತದಲ್ಲಿರೋ ಹಿಮೋಗ್ಲೋಬಿನ್ನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹೊತ್ಕೊಂಡಿದೆ ಅಂತ ಗೊತ್ತಾಗುತ್ತೆ.

ಆದ್ರೆ ಬೆರಳಲ್ಲಿ ಬರೀ ರಕ್ತ ಇರಲ್ವಲ್ಲ. ಚರ್ಮ, ಉಗುರು, ಮೂಳೆ, ಮಾಂಸ, ವಾಪಸ್ ಹೋಗ್ತಿರೋ ಸಿರೆಯ ರಕ್ತ, ಎಲ್ಲವೂ ಬೆಳಕು ಹೀರ್ತವೆ. ನಮಗೆ ಬೇಕಾಗಿರೋದು ಹೃದಯದಿಂದ ಬರ್ತಿರೋ ಅಪಧಮನಿಯ ರಕ್ತದ ಲೆಕ್ಕ ಮಾತ್ರ. ಅದನ್ನ ಬೇರೆ ಮಾಡೋದು ಹೆಂಗೆ? ಇದಕ್ಕೆ ದಾರಿ ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿ, 1970ರ ದಶಕದ ಮೊದಲ ಭಾಗದಲ್ಲಿ. ಅವರು ಆಗ ರಕ್ತಕ್ಕೆ ಬಣ್ಣದ ದ್ರವ ಸೇರಿಸಿ ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತೆ ಅಂತ ಬೆಳಕಿನಿಂದ ಅಳೆಯೋ ಕೆಲಸದಲ್ಲಿದ್ರು, ನಾಡಿ ಬಡಿತ ಆ ಅಳತೆ ಒಳಗೆ ಸೇರ್ಕೊಂಡು ತೊಂದ್ರೆ ಕೊಡ್ತಿತ್ತು. ತೊಂದ್ರೆ ಕೊಡ್ತಿದ್ದ ಆ ಬಡಿತವನ್ನೇ ಅವರು ಉಪಯೋಗಕ್ಕೆ ತಂದ್ರು: ಚರ್ಮ, ಮೂಳೆ ಬಡ್ಕೊಳ್ಳಲ್ಲ, ಬಡ್ಕೊಳ್ಳೋದು ಅಪಧಮನಿ ಮಾತ್ರ, ಹಾಗಾಗಿ ಒಂದೊಂದು ಬಡಿತಕ್ಕೂ ಬೆಳಕು ಎಷ್ಟು ಏರಿಳಿಯುತ್ತೋ ಅಷ್ಟನ್ನ ಮಾತ್ರ ತಗೊಂಡ್ರೆ ಅದು ಅಪಧಮನಿಯ ರಕ್ತದ ಲೆಕ್ಕ. ನಾವು ದಿನಾ ಬೆರಳಿಗೆ ಸಿಕ್ಕಿಸ್ಕೊಳ್ಳೋ ಮಷೀನ್ ಇವತ್ತಿಗೂ ಇದೇ ಲೆಕ್ಕದ ಮೇಲೆ ನಿಂತಿದೆ. ಸೆನ್ಸರಿಗೆ ಬರೋ ಒಟ್ಟು ಬೆಳಕಲ್ಲಿ ಬಡಿತದ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಭಾಗ ಅಷ್ಟೇ, ಎಲ್ಲಾ ಲೆಕ್ಕಾನೂ ಆ ಚೂರಿನಿಂದಲೇ ಆಗ್ಬೇಕು.

ಲೆಕ್ಕ ಹೆಂಗೆ ಅಂತ ಒಂದ್ಸಲ ಕೈಯಲ್ಲೇ ಮಾಡಿ ನೋಡೋಣ, ಯಾಕಂದ್ರೆ ಮುಂದೆ ಇದು ಕೆಲಸಕ್ಕೆ ಬರುತ್ತೆ. ಕೆಂಪು ಬೆಳಕು ಬಡಿತಕ್ಕೆ ನೂರರಲ್ಲಿ 1 ಭಾಗ ಏರಿಳೀತು, ಇನ್ಫ್ರಾರೆಡ್ ನೂರರಲ್ಲಿ 2 ಭಾಗ ಏರಿಳೀತು ಅಂತಿಟ್ಕೊಳ್ಳಿ. ಒಂದನ್ನ ಎರಡರಿಂದ ಭಾಗಿಸಿದ್ರೆ 0.5. ಈ ಅನುಪಾತಕ್ಕೆ R ಅಂತಾರೆ. ಪಾಠ ಹೇಳೋವಾಗ ಬಳಸೋ ಸರಳ ಸೂತ್ರ ಒಂದಿದೆ:

```
SpO2 = 110 - 25 × R
```

0.5 ಹಾಕಿದ್ರೆ 97.5 ಬರುತ್ತೆ, ಆರೋಗ್ಯವಂತರ ನಂಬರು. R 0.8 ಆದ್ರೆ 90. ನಿಜವಾದ ಮಷೀನಲ್ಲಿ ಸೂತ್ರದ ಬದಲು ಒಂದು ಪಟ್ಟಿ ಇರುತ್ತೆ, ಆರೋಗ್ಯವಂತ ಸ್ವಯಂಸೇವಕರಿಗೆ ಆಕ್ಸಿಜನ್ ಕಮ್ಮಿ ಇರೋ ಗಾಳಿ ಕೊಟ್ಟು, ಅವರ ಅಪಧಮನಿ ರಕ್ತ ತೆಗೆದು ಲ್ಯಾಬಲ್ಲಿ ಅಳೆದು ಹೋಲಿಸಿ ಮಾಡಿರೋ ಪಟ್ಟಿ. ಸುಮಾರು 70ಕ್ಕಿಂತ ಕೆಳಗೆ ಯಾರನ್ನೂ ಇಳಿಸೋಕಾಗಲ್ಲ, ಹಾಗಾಗಿ 70ರ ಕೆಳಗೆ ತೋರ್ಸೋ ನಂಬರಿಗೆ ಅಷ್ಟು ಬೆಲೆ ಇಲ್ಲ.

ಇಲ್ಲಿ ನೋಡ್ಬೇಕಾಗಿರೋ ವಿಷಯ ಒಂದಿದೆ. ಕೈ ನಡುಗ್ತು, ಬೆರಳು ಅಲುಗಾಡ್ತು ಅಂತಿಟ್ಕೊಳ್ಳಿ. ಅಲುಗಾಟಕ್ಕೆ ಕೆಂಪು ಬೆಳಕು, ಇನ್ಫ್ರಾರೆಡ್ ಎರಡೂ ಹೆಚ್ಚುಕಮ್ಮಿ ಒಂದೇ ಅಳತೇಲಿ ಏರಿಳೀತವೆ. ಒಂದೇ ಅಳತೆ ಅಂದ್ರೆ R 1. ಸೂತ್ರಕ್ಕೆ ಹಾಕಿ, 85 ಬಂತು! ಅಂದ್ರೆ ನಿಜವಾದ ನಾಡಿ ಸಿಗದೆ ಬರೀ ಅಲುಗಾಟವನ್ನೇ ನಾಡಿ ಅಂದ್ಕೊಂಡು ಲೆಕ್ಕ ಹಾಕಿದ್ರೆ ಮಷೀನಿನ ನಂಬರ್ 85ರ ಕಡೆಗೆ ಜಾರ್ತಾ ಹೋಗುತ್ತೆ. ಚೆನ್ನಾಗಿ ಮಾತಾಡ್ತಾ ಇರೋರಿಗೆ 83, 86, 84 ಅಂತ ಬರ್ತಿದ್ರೆ ನನಗೆ ಮೊದಲು ಬರೋ ಅನುಮಾನ ಇದೇ. ಆದ್ರೆ ನಿಜವಾಗ್ಲೂ 85 ಇರೋ ಕಾಯಿಲೆಯವರೂ ಇರ್ತಾರೆ, ಬರೀ ನಂಬರ್ ನೋಡಿ ಇದು ಸುಳ್ಳು ಅಂತ ತಳ್ಳಿಹಾಕೋ ಹಾಗಿಲ್ಲ. ಸುಳ್ಳೋ ನಿಜವೋ ಹೇಳೋದು ಪಲ್ಸು.

ಪರೀಕ್ಷೆ ಬಹಳ ಸುಲಭ, ಮಷೀನ್ ತೋರಿಸೋ ಪಲ್ಸು ನೀವು ಕೈಯಲ್ಲಿ ಹಿಡಿದು ಎಣಿಸಿದ ಪಲ್ಸು ಒಂದೇ ಇದೆಯಾ ಅಂತ ನೋಡೋದು. ಆಕ್ಸಿಮೀಟರ್ ಹಾಕಿರೋ ಕೈ ಬಿಟ್ಟು ಇನ್ನೊಂದು ಕೈ ತಗೊಳ್ಳಿ, ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಕಡೆ ಇಳಿದು ಬಂದ್ರೆ ಮೂಳೆಗೂ ಸ್ನಾಯುರಜ್ಜುವಿಗೂ ನಡುವೆ ಒಂದು ಸಣ್ಣ ತಗ್ಗು ಸಿಗುತ್ತೆ, ಅಲ್ಲಿ ನಿಮ್ಮ ತೋರುಬೆರಳು ಮಧ್ಯದ ಬೆರಳು ಎರಡನ್ನೂ ಮೆತ್ತಗೆ ಇಡಿ. ನಿಮ್ಮ ಹೆಬ್ಬೆರಳು ಇಡಬೇಡಿ, ಅದರಲ್ಲಿ ನಿಮ್ಮದೇ ನಾಡಿ ಬಡ್ಕೊಂಡು ದಾರಿ ತಪ್ಪಿಸುತ್ತೆ. ಜೋರಾಗಿ ಒತ್ತಿದ್ರೂ ನಾಡಿ ಮುಚ್ಚಿಹೋಗುತ್ತೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ಬಡಿತ ಲಯ ತಪ್ಪಿದ ಹಾಗೆ ಅನ್ಸಿದ್ರೆ ಪೂರ್ತಿ ಒಂದು ನಿಮಿಷ ಎಣಿಸಿ. ಎರಡಕ್ಕೂ ನಾಲ್ಕೈದು ವ್ಯತ್ಯಾಸ ಇದ್ರೆ ಪರವಾಗಿಲ್ಲ. ಇಪ್ಪತ್ತು ಮೂವತ್ತು ವ್ಯತ್ಯಾಸ ಇದ್ರೆ ಮಷೀನ್ ಎಣಿಸ್ತಿರೋದು ನಾಡಿಯಲ್ಲ, ಇನ್ನೇನೋ, ಆಮೇಲೆ ಆ ಆಕ್ಸಿಜನ್ ನಂಬರಿಗೆ ಅರ್ಥ ಇಲ್ಲ.

ವಾರ್ಡಲ್ಲಿ ಒಂದ್ಸಲ ವಯಸ್ಸಾದ ಅಜ್ಜಿಯೊಬ್ಬರಿಗೆ ಹಾಗೇ ಆಗಿತ್ತು. ಫ್ಯಾನ್ ಕೆಳಗೆ ಮಲಗಿದ್ರು, ಕೈ ಮಂಜುಗಡ್ಡೆ ಥರ ತಣ್ಣಗಿತ್ತು, ಸ್ವಲ್ಪ ನಡುಗ್ತಾನೂ ಇದ್ರು. ಆಕ್ಸಿಜನ್ 84, ಪಲ್ಸ್ 132 ತೋರಿಸ್ತಿತ್ತು, ಮಗ ಪಕ್ಕದಲ್ಲಿ ನಿಂತು ಬೆವರ್ತಿದ್ದ. ಮಣಿಕಟ್ಟಲ್ಲಿ ನಾಡಿ ಹಿಡಿದೆ, 30 ಸೆಕೆಂಡಿಗೆ 37, ಅಂದ್ರೆ ನಿಮಿಷಕ್ಕೆ 74. 132ಕ್ಕೂ 74ಕ್ಕೂ ಎಲ್ಲಿಂದೆಲ್ಲಿಗೆ. ಫ್ಯಾನ್ ಆರಿಸಿ, ಅಜ್ಜಿ ಕೈಯನ್ನ ನನ್ನ ಎರಡು ಕೈ ಮಧ್ಯ ಇಟ್ಟು ಉಜ್ಜಿ ಬಿಸಿ ಮಾಡಿ, ಬೇರೆ ಬೆರಳಿಗೆ ಹಾಕಿ, ಕೈಯನ್ನ ಎದೆ ಮಟ್ಟಕ್ಕೆ ದಿಂಬಿನ ಮೇಲೆ ಇಟ್ಟೆ. ಮೊದಲು ನಂಬರ್ ಬರದೆ ಬರೀ ಗೀಟು, ಆಮೇಲೆ 91, 94, ಒಂದು ನಿಮಿಷದ ಹೊತ್ತಿಗೆ 96ಕ್ಕೆ ಬಂದು ನಿಂತು ಬಿಡ್ತು, ಪಲ್ಸ್ 76. ಈಗ ಎರಡು ನಂಬರೂ ಒಂದೇ ಮಾತು ಹೇಳ್ತಿವೆ, ಈ 96ನ್ನ ನಂಬಬಹುದು.

ಥಂಡಿಯಾದಾಗ ಬೆರಳಿನ ರಕ್ತನಾಳ ಸಂಕುಚಿತ ಆಗುತ್ತೆ, ಮೊದಲೇ ನೂರಕ್ಕೆ ಒಂದು ಭಾಗ ಇದ್ದ ಬಡಿತ ಇನ್ನೂ ಸಣ್ಣದಾಗುತ್ತೆ, ಅದಕ್ಕೇ ಇಷ್ಟೆಲ್ಲಾ. ಬಿಪಿ ನೋಡೋ ಪಟ್ಟಿ ಅದೇ ತೋಳಿಗೆ ಕಟ್ಟಿ ಗಾಳಿ ತುಂಬಿದ್ರೂ ಅಷ್ಟೇ, ಬಡಿತ ಬೆರಳಿಗೆ ಬರೋದೇ ನಿಂತುಹೋಗುತ್ತೆ. ಗಾಢ ಬಣ್ಣದ ನೈಲ್ ಪಾಲಿಶ್ ಇದ್ರೆ ಒರೆಸಿ ಹಾಕ್ಕೊಳ್ಳಿ. ಕೆಲವು ಮಷೀನಲ್ಲಿ ಬಡಿತದ ಜೊತೆ ಏರಿಳಿಯೋ ಒಂದು ಗೀಟು ಅಥವಾ ಅಲೆ ಇರುತ್ತೆ, ಅದು ಪ್ರತಿ ಸಲ ಒಂದೇ ಥರ ಎದ್ದು ಬೀಳ್ತಿದ್ರೆ ಒಳ್ಳೇದು, ಒಂದ್ಸಲ ಎತ್ತರ ಒಂದ್ಸಲ ಕುಳ್ಳ ಅಂತ ಕುಣೀತಿದ್ರೆ ಇನ್ನೂ ಕಾಯಿರಿ. `PI%` ಅಂತ ಇದ್ರೆ ಅದು ನಾವು ಮೇಲೆ ಹೇಳಿದ ಆ ಬಡಿತದ ಪಾಲೇ, ಅದು 0.3ರ ಹತ್ರ ಇದ್ರೆ ಬಡಿತ ತೀರಾ ಕ್ಷೀಣ ಅಂತ ಅರ್ಥ, ಬೆರಳು ಬಿಸಿ ಮಾಡಿ ಮತ್ತೆ ನೋಡಿ.

ಇಷ್ಟು ಹೊತ್ತು ಹೇಳಿದ್ದು ಪಲ್ಸನ್ನ ಸಾಕ್ಷಿ ಥರ ಬಳಸೋದು. ಇನ್ನು ಎರಡು ನಂಬರೂ ಸರಿಯಿದೆ ಅಂತ ಖಾತ್ರಿ ಆದ ಮೇಲೆ ಅವೆರಡೂ ಸೇರಿ ಏನು ಹೇಳ್ತವೆ ಅನ್ನೋದಿದೆ, ನನ್ನ ಪ್ರಕಾರ ಇದೇ ಜಾಸ್ತಿ ಮುಖ್ಯ.

ಹಿಮೋಗ್ಲೋಬಿನ್ ಆಕ್ಸಿಜನ್ನನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ. ರಕ್ತದಲ್ಲಿ ಆಕ್ಸಿಜನ್ ಒತ್ತಡ ಸಾಮಾನ್ಯವಾಗಿ 90-100 ಮಿಲಿಮೀಟರ್ ಪಾದರಸದ ಆಸುಪಾಸು ಇರುತ್ತೆ, ಅದು 60ಕ್ಕೆ ಇಳಿದ್ರೂ ಆಕ್ಸಿಮೀಟರ್ 90 ತೋರಿಸ್ತಾ ಇರುತ್ತೆ. ಅಂದ್ರೆ ಒತ್ತಡ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಕುಸಿದಿದ್ರೂ ನಂಬರ್ ಇಳಿದಿರೋದು ಏಳೆಂಟು ಮಾತ್ರ. 60ರ ಕೆಳಗೆ ಹೋದ್ರೆ ಆಮೇಲೆ ಇಳಿಜಾರಲ್ಲಿ ಗಾಡಿ ಹೋದ ಹಾಗೆ ಸರ್ರನೆ ಇಳಿಯುತ್ತೆ. ಹಾಗಾಗಿ ಶ್ವಾಸಕೋಶ ಸೊರಗ್ತಾ ಇರೋ ಮೊದಮೊದಲ ದಿನಗಳಲ್ಲಿ ಆಕ್ಸಿಜನ್ ನಂಬರ್ ಒಂದೆರಡು ಅಂಕಿ ಬಿಟ್ಟು ಜಾಸ್ತಿ ಅಲುಗಾಡಲ್ಲ. ಆದ್ರೆ ಮೈ ಸುಮ್ನಿರಲ್ಲ, ಉಸಿರು ಬೇಗ ಬೇಗ ತಗೊಳ್ಳುತ್ತೆ, ಹೃದಯ ಜಾಸ್ತಿ ಸಲ ಬಡಿದು ಇರೋ ಆಕ್ಸಿಜನ್ನನ್ನೇ ಬೇಗ ಬೇಗ ಸುತ್ತಾಡ್ಸುತ್ತೆ. ಆಕ್ಸಿಜನ್ 97ರಿಂದ 95ಕ್ಕೆ ಬಂದ್ರೆ ಯಾರ ಕಣ್ಣಿಗೂ ಬೀಳಲ್ಲ, ಪಲ್ಸ್ 72ರಿಂದ 104ಕ್ಕೆ ಹೋಗಿದ್ರೆ ಅದು ಕಣ್ಣಿಗೆ ಹೊಡೆಯುತ್ತೆ.

ಒಬ್ಬರ ಲೆಕ್ಕ ಹೇಳ್ತೀನಿ. 58 ವರ್ಷದವರು, ಕೆಮ್ಮು ಜ್ವರ ಅಂತ ಮನೇಲಿದ್ದು ಆಮೇಲೆ ನಮ್ಮ ವಾರ್ಡಿಗೆ ಬಂದವರು, ಅವರ ಹೆಂಡತಿ ಒಂದು ನೋಟ್‌ಬುಕ್ಕಲ್ಲಿ ಎಲ್ಲಾ ಬರೆದಿಟ್ಟಿದ್ರು. ಅವರ ಮಾಮೂಲಿ ಪಲ್ಸ್ ಸುಮ್ನೆ ಕೂತಾಗ 72. ಮೊದಲ ಸಂಜೆ ಜ್ವರ 38.4 ಡಿಗ್ರಿ ಸೆಲ್ಸಿಯಸ್, ಆಕ್ಸಿಜನ್ 97, ಪಲ್ಸ್ 88. ಪಲ್ಸ್ ಏರಿದೆಯಲ್ಲ ಅಂತ ಹೆದರ್ಬೇಕಾ? ಜ್ವರ ಒಂದು ಡಿಗ್ರಿ ಏರಿದ್ರೆ ಪಲ್ಸ್ ಹತ್ತರ ಹತ್ರ ಏರುತ್ತೆ. 37ರಿಂದ 38.4 ಅಂದ್ರೆ 14 ಬಡಿತ, 72ಕ್ಕೆ ಸೇರಿಸಿದ್ರೆ 86, ಇವರಿಗೆ ಬಂದಿರೋದು 88. ಲೆಕ್ಕ ಸರಿಹೋಯ್ತು, ಪಲ್ಸ್ ಏರಿರೋದು ಜ್ವರಕ್ಕೆ. ಪ್ಯಾರಾಸಿಟಮಾಲ್ ತಗೊಂಡು ಜ್ವರ 37.1ಕ್ಕೆ ಇಳಿದ ಮೇಲೆ ಪಲ್ಸ್ 76, ಆಕ್ಸಿಜನ್ 97 ಅಂತ ಬರ್ದಿದ್ರು, ಅದೂ ಸರಿಯಾಗೇ ಇದೆ.

ನಾಲ್ಕನೇ ದಿನ ಬೆಳಿಗ್ಗೆ ಬರ್ದಿರೋದು: ಜ್ವರ 37.0, ಆಕ್ಸಿಜನ್ 95, ಪಲ್ಸ್ 104. ಆಕ್ಸಿಜನ್ ಒಂದೇ ನೋಡಿದ್ರೆ 95 ನಾರ್ಮಲ್ ಅಂತಾನೇ ಎಲ್ಲರೂ ಹೇಳ್ತಾರೆ, ಜ್ವರಾನೂ ಬಿಟ್ಟಿದೆ, ಹುಷಾರಾದ್ರು ಅಂತ ಮನೆಯವರು ಖುಷಿಪಟ್ಟಿದ್ರು. ಆದ್ರೆ ಜ್ವರ ಇಲ್ಲದೆ ಪಲ್ಸ್ 32 ಜಾಸ್ತಿ ಯಾಕಿದೆ? ಈ 32ಕ್ಕೆ ಉತ್ತರ ಬೇಕು. ನೀರು ಕಮ್ಮಿ ಕುಡಿದಿರಬಹುದು, ಹೆದರಿಕೆ ಇರಬಹುದು, ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್ಹೇಲರ್ ಎಳೆದಿದ್ರೆ ಅದಕ್ಕೂ ಏರುತ್ತೆ. ಇವರಿಗೆ ಇದ್ಯಾವುದೂ ಇರ್ಲಿಲ್ಲ. ಸಂಜೆ ಅವರ ಹೆಂಡತಿ ರೂಮಲ್ಲೇ ನಾಲ್ಕು ನಿಮಿಷ ನಡೆಸಿ ನೋಡಿದಾರೆ, ಆಕ್ಸಿಜನ್ 90ಕ್ಕೆ ಇಳಿದಿದೆ, ಪಲ್ಸ್ 128, ಕೂತ ಮೇಲೂ ಎಷ್ಟೋ ಹೊತ್ತು ಸುಧಾರಿಸ್ಕೊಂಡಿಲ್ಲ. ಕೂಡ್ಲೇ ಕರ್ಕೊಂಡು ಬಂದ್ರು, ಎಕ್ಸ್‌ರೇಲಿ ಎರಡೂ ಕಡೆ ನ್ಯುಮೋನಿಯಾ ಇತ್ತು. ಬೆಳಿಗ್ಗೆನೇ ಪಲ್ಸ್ ಹೇಳಿದ್ದ ಮಾತನ್ನ ಆಕ್ಸಿಜನ್ ನಂಬರು ನಡೆದ ಮೇಲೆ ಹೇಳ್ತು.

ನಡೆಸಿ ನೋಡೋ ವಿಷಯದಲ್ಲಿ ಒಂದು ಎಚ್ಚರಿಕೆ, ಕೂತಲ್ಲೇ 94ಕ್ಕಿಂತ ಕಮ್ಮಿ ಇರೋರನ್ನ, ಏದುಸಿರು ಬಿಡ್ತಿರೋರನ್ನ, ಎದೆನೋವು ತಲೆಸುತ್ತು ಇರೋರನ್ನ ನಡೆಸೋಕೆ ಹೋಗ್ಬೇಡಿ, ಅವರಿಗೆ ಪರೀಕ್ಷೆ ಬೇಕಾಗಿಲ್ಲ, ಡಾಕ್ಟರ್ ಬೇಕು. ಉಳಿದವರಿಗೆ ನಡೆದಾಗ ಪಲ್ಸ್ ಏರೋದು ಸಹಜ, ಆಕ್ಸಿಜನ್ ಒಂದೆರಡು ಅಲುಗಿದ್ರೂ ಸಹಜ, ಮೂರು ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಇಳಿದ್ರೆ ಸಹಜ ಅಲ್ಲ. ನಡೆಯೋವಾಗ ಕೈ ಬೀಸಿದ್ರೆ ಸುಳ್ಳು ನಂಬರ್ ಬರುತ್ತೆ, ನಿಂತು ಕೈ ಸ್ಥಿರ ಮಾಡಿ ಓದ್ಬೇಕು, ಮತ್ತೆ ಶ್ವಾಸಕೋಶದಲ್ಲಾದ ಬದಲಾವಣೆ ರಕ್ತದ ಜೊತೆ ಬೆರಳಿಗೆ ಬಂದು ಮಷೀನ್ ಅದನ್ನ ಸರಾಸರಿ ಮಾಡಿ ತೋರಿಸೋಕೆ ಅರ್ಧ ನಿಮಿಷದ ತನಕ ಹಿಡಿಯಬಹುದು, ಹಾಗಾಗಿ ಕೂತ ತಕ್ಷಣ ತೆಗೆದುಬಿಡದೆ ಒಂದು ನಿಮಿಷ ಹಾಗೇ ಬಿಟ್ಟು ಅತಿ ಕಮ್ಮಿ ಎಷ್ಟಕ್ಕೆ ಹೋಯ್ತು ಅಂತ ನೋಡಿ.

ಇನ್ನು ಪಲ್ಸ್ ಈ ಥರ ಸಾಕ್ಷಿ ಹೇಳೋಕೆ ಆಗದ ಜನರೂ ಇದಾರೆ. ಬಿಪಿಗೋ ಹೃದಯಕ್ಕೋ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರ ಪಲ್ಸನ್ನ ಮಾತ್ರೆನೇ ಹಿಡಿದಿಟ್ಟಿರುತ್ತೆ, ಮೈಗೆ ಎಷ್ಟೇ ಕಷ್ಟ ಆದ್ರೂ 80 ದಾಟದೇ ಇರಬಹುದು, ಅವರ ಪಲ್ಸ್ ಸಮಾಧಾನವಾಗಿದೆ ಅಂತ ನಾವು ಸಮಾಧಾನ ಪಡೋ ಹಾಗಿಲ್ಲ. ಹೃದಯದ ಲಯ ತಪ್ಪಿರೋರಲ್ಲಿ ಇನ್ನೊಂದು ಥರ. ಕೆಲವರಿಗೆ ಪ್ರತಿ ಸರಿಯಾದ ಬಡಿತದ ಹಿಂದೆನೇ ಒಂದು ಅವಸರದ ಬಡಿತ ಬರುತ್ತೆ, ಅಷ್ಟರಲ್ಲಿ ಹೃದಯ ತುಂಬಿಕೊಂಡೇ ಇರಲ್ಲ, ಆ ಬಡಿತ ಬೆರಳ ತನಕ ಬರಲ್ಲ. ಹೃದಯ 84 ಸಲ ಬಡ್ಕೊಂಡಿದ್ರೂ ಆಕ್ಸಿಮೀಟರ್ 42 ಅಂತ ತೋರಿಸುತ್ತೆ, ಮಣಿಕಟ್ಟಲ್ಲಿ ಹಿಡಿದ್ರೂ 42 ಸಿಗಬಹುದು. ಇಂಥವರಿಗೆ ಸ್ಟೆತಸ್ಕೋಪು, ಇಸಿಜಿನೇ ಬೇಕು. ಪಲ್ಸ್ ನಂಬರ್ ಕ್ಷಣಕ್ಕೊಂದು ಥರ 64, 97, 71, 110 ಅಂತ ನೆಗೀತಿದ್ದು, ಕೈ ಬಿಸಿಯಾಗೂ ಸ್ಥಿರವಾಗೂ ಇದ್ದು, ಕೈಯಲ್ಲಿ ಹಿಡಿದ್ರೂ ನಾಡಿಗೆ ಲಯ ಇಲ್ಲ ಅಂದ್ರೆ ಅದು ಮಷೀನಿನ ತಪ್ಪಲ್ಲ, ಹೃದಯ ತೋರಿಸ್ಕೋಬೇಕು ಅಂತ ಅರ್ಥ.

ಆಕ್ಸಿಜನ್ ನಂಬರ್ 99 ಇದ್ದು ಪಲ್ಸ್ ಮಾತ್ರ ಏರಿರೋ ಎರಡು ಸಂದರ್ಭ ಹೇಳ್ಲೇಬೇಕು. ಒಂದು ರಕ್ತಹೀನತೆ. ಆಕ್ಸಿಮೀಟರ್ ಹೇಳೋದು ಇರೋ ಹಿಮೋಗ್ಲೋಬಿನ್ನಲ್ಲಿ ಎಷ್ಟು ಪಾಲು ತುಂಬಿದೆ ಅಂತ, ಹಿಮೋಗ್ಲೋಬಿನ್ ಎಷ್ಟಿದೆ ಅಂತಲ್ಲ. ಊರಿಗೆ ನೀರು ತರೋ ಹತ್ತು ಗಾಡಿಲಿ ಐದು ಕೆಟ್ಟು ನಿಂತಿವೆ, ಓಡ್ತಿರೋ ಐದೂ ತುಂಬಿ ತುಳುಕ್ತಿವೆ, "ಗಾಡಿ ಎಲ್ಲಾ ತುಂಬಿದೆ" ಅನ್ನೋ ಮಾತು ಸುಳ್ಳಲ್ಲ, ಆದ್ರೆ ಊರಿಗೆ ಬರ್ತಿರೋದು ಅರ್ಧ ನೀರೇ. ಹಿಮೋಗ್ಲೋಬಿನ್ 14 ಇರಬೇಕಾದವರಿಗೆ 7 ಇದ್ರೆ ಹಾಗೇ, ಆಕ್ಸಿಜನ್ 99 ಕಾಣುತ್ತೆ, ಇರೋ ಐದು ಗಾಡಿಯನ್ನೇ ಎರಡೆರಡು ಸಲ ಓಡಿಸೋಕೆ ಹೃದಯ ಒದ್ದಾಡ್ತಾ ಪಲ್ಸ್ 105 ಕಾಣುತ್ತೆ. ಎರಡನೇದು ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ರೂಮಲ್ಲಿ ಇದ್ದಿಲು ಉರಿಸಿದಾಗ, ಜನರೇಟರ್ ಓಡಿಸಿದಾಗ ಆ ಗ್ಯಾಸ್ ಹಿಮೋಗ್ಲೋಬಿನ್ನಿಗೆ ಅಂಟ್ಕೊಂಡು ಆಕ್ಸಿಜನ್ನಿಗೆ ಜಾಗ ಕೊಡಲ್ಲ, ಆದ್ರೆ ಆ ರಕ್ತದ ಬಣ್ಣ ಈ ಎರಡು ಬೆಳಕಿಗೆ ಆಕ್ಸಿಜನ್ ಇರೋ ರಕ್ತದ ಥರಾನೇ ಕಾಣುತ್ತೆ, ಮಷೀನ್ ಪೂರ್ತಿ ಮೋಸಹೋಗುತ್ತೆ. ತಲೆನೋವು, ವಾಂತಿ, ಮಂಪರು ಇದ್ದು 98 ತೋರಿಸ್ತಿದ್ರೆ ಆ 98ನ್ನ ನೋಡ್ಕೊಂಡು ಕೂರಬೇಡಿ, ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರ್ಕೊಂಡು ಬಂದು ಆಸ್ಪತ್ರೆಗೆ ಹೋಗಿ.

ಎಲ್ಲಾ ಸರಿಯಾಗಿ ಮಾಡಿದ್ರೂ ನಂಬರಲ್ಲಿ ಎರಡು ಆಚೆ ಈಚೆ ಇರುತ್ತೆ, ಕೆಲವು ಸಲ ಇನ್ನೂ ಜಾಸ್ತಿ. 94 ಅಂದ್ರೆ ನಿಜವಾಗಿ 92 ಇರಬಹುದು, 96 ಕೂಡ ಇರಬಹುದು. ಚರ್ಮದ ಬಣ್ಣ ಗಾಢ ಇರೋರಲ್ಲಿ ಮಷೀನ್ ಇರೋದಕ್ಕಿಂತ ಜಾಸ್ತಿ ತೋರಿಸೋ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಅಮೆರಿಕದ ಆಸ್ಪತ್ರೆ ದಾಖಲೆಗಳಿಂದ ಮತ್ತೆ ಗಟ್ಟಿಯಾಗಿ ಗೊತ್ತಾಯ್ತು, ಅಲ್ಲಿ ಮಷೀನ್ 92ರಿಂದ 96 ತೋರಿಸಿದ್ರೂ ರಕ್ತದಲ್ಲಿ 88ಕ್ಕಿಂತ ಕಮ್ಮಿ ಇದ್ದಿದ್ದು ಕಪ್ಪು ಜನಾಂಗದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಹಾಗಾಗಿ ಒಂದು ಸಲದ ನಂಬರಿಗಿಂತ ಅದೇ ಮಷೀನಲ್ಲಿ ಅದೇ ಬೆರಳಲ್ಲಿ ದಿನದಿಂದ ದಿನಕ್ಕೆ ಎಷ್ಟು ಬದಲಾಯ್ತು ಅನ್ನೋದನ್ನ ನಾನು ಜಾಸ್ತಿ ನಂಬ್ತೀನಿ. ಆರೋಗ್ಯವಾಗಿರೋವಾಗ್ಲೇ ಮೂರು ನಾಲ್ಕು ದಿನ ನೋಡಿ ನಿಮ್ಮ ಮಾಮೂಲಿ ಎರಡು ನಂಬರ್ ಬರೆದಿಟ್ಕೊಳ್ಳಿ, ಕಾಯಿಲೆ ಬಂದಾಗ ಹೋಲಿಸೋಕೆ ಅದು ಬೇಕಾಗುತ್ತೆ. ಐದು ನಿಮಿಷ ಕೂತು ಸುಧಾರಿಸ್ಕೊಂಡು, ತೋರುಬೆರಳು ಅಥವಾ ಮಧ್ಯದ ಬೆರಳಿಗೆ ಹಾಕಿ, ನಂಬರ್ ನಿಲ್ಲೋ ತನಕ ಕನಿಷ್ಠ ಒಂದು ನಿಮಿಷ ಕಾದು, ಹೊತ್ತು, ಜ್ವರ, ಆಕ್ಸಿಜನ್, ಪಲ್ಸ್ ನಾಲ್ಕನ್ನೂ ಒಂದೇ ಸಾಲಲ್ಲಿ ಬರೀರಿ.

ದೊಡ್ಡವರಿಗೆ ಕೂತಾಗ ಆಕ್ಸಿಜನ್ 95 ಅಥವಾ ಅದಕ್ಕಿಂತ ಮೇಲೆ, ಪಲ್ಸ್ 60ರಿಂದ 100 ಅನ್ನೋದು ಸಾಮಾನ್ಯ ಲೆಕ್ಕ. ಮಕ್ಕಳ ಪಲ್ಸ್ ಇದಕ್ಕಿಂತ ಜಾಸ್ತಿ ಇರುತ್ತೆ, ಪುಟ್ಟ ಬೆರಳಿಗೆ ದೊಡ್ಡವರ ಮಷೀನ್ ಸರಿಯಾಗಿ ಕೂರೋದೂ ಇಲ್ಲ. ಪಲ್ಸ್ ಕೈಯಲ್ಲಿ ಎಣಿಸಿ ಹೊಂದಿಕೆ ಆದ ಮೇಲೂ ಆಕ್ಸಿಜನ್ 93, 94 ಬರ್ತಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, 92 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆಸ್ಪತ್ರೆಗೆ ಹೊರಡಿ. ಸಿಒಪಿಡಿ ಥರದ ಹಳೇ ಶ್ವಾಸಕೋಶದ ಕಾಯಿಲೆ ಇರೋರಲ್ಲಿ ಕೆಲವರಿಗೆ ಡಾಕ್ಟರೇ 88ರಿಂದ 92 ಸಾಕು ಅಂತ ಹೇಳಿರ್ತಾರೆ, ಅವರು ಅದನ್ನೇ ಪಾಲಿಸ್ಬೇಕು, ನಂಬರ್ ಏರಿಸೋಕೆ ಅಂತ ಮನೇಲಿ ಆಕ್ಸಿಜನ್ ಜಾಸ್ತಿ ತಿರುಗಿಸಿದ್ರೆ ಅವರಿಗೆ ತೊಂದ್ರೆ ಆಗುತ್ತೆ.

ಆ ಎರಡು ನಂಬರೂ ಹೇಳದ ಮೂರನೇದೊಂದಿದೆ, ಅದನ್ನ ಆಕ್ಸಿಮೀಟರ್ ತೆಗೆಯೋ ಮುಂಚೆನೇ ನೋಡ್ಬಿಡಿ. ಅವರಿಗೆ ಹೇಳದೆ, ನಾಡಿ ಹಿಡಿದಿರೋ ಹಾಗೇ ಕೂತ್ಕೊಂಡು, ಎದೆ ಎಷ್ಟು ಸಲ ಏರಿಳಿಯುತ್ತೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಹೇಳಿ ಎಣಿಸಿದ್ರೆ ಉಸಿರಾಟ ತಾನಾಗೇ ಬದಲಾಗುತ್ತೆ. ಸುಮ್ನೆ ಕೂತಿರೋ ದೊಡ್ಡವರಿಗೆ 12ರಿಂದ 20 ಇರಬೇಕು. 24 ದಾಟಿದ್ರೆ, ಅಥವಾ ಒಂದು ವಾಕ್ಯ ಮುಗಿಸೋಕೆ ನಡುವೆ ಉಸಿರು ತಗೋಬೇಕಾಗಿ ಬಂದ್ರೆ, ತುಟಿ ನೀಲಿಗಟ್ಟಿದ್ರೆ, ಮಷೀನ್ 96 ತೋರಿಸ್ತಿದ್ರೂ ಕಾಯಬೇಡಿ, ನೋಟ್‌ಬುಕ್ ಜೊತೆಗಿಟ್ಕೊಂಡು ಹೊರಡಿ.